ಪುಸ್ತಕ ಎರವಲಿನ ಯೂಸ್ ಕೇಸ್‌ನಿಂದ ಪರೀಕ್ಷಾ ಸನ್ನಿವೇಶಗಳನ್ನು ಕಟ್ಟುವ ಬಗೆ

ಗ್ರಂಥಾಲಯದ ಕೌಂಟರಿನಲ್ಲಿ ಒಂದು ಪುಸ್ತಕವನ್ನು ಎರವಲು ಕೊಡುವುದು ನೋಡುವವರಿಗೆ ಬಹಳ ಸಣ್ಣ ಕೆಲಸ. ಕಾರ್ಡ್ ಸ್ಕ್ಯಾನ್ ಮಾಡುತ್ತಾರೆ, ಪುಸ್ತಕ ಸ್ಕ್ಯಾನ್ ಮಾಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ಆದರೆ ಈ ಕೆಲಸವನ್ನು ಮಾಡುವ ತಂತ್ರಾಂಶವನ್ನು ಪರೀಕ್ಷಿಸಲು ಕುಳಿತ ಟೆಸ್ಟರ್, ಮನಸ್ಸಿಗೆ ಹೊಳೆದದ್ದನ್ನು ಹೊಳೆದ ಕ್ರಮದಲ್ಲಿಯೇ ಪಟ್ಟಿ ಮಾಡುತ್ತ ಹೋದರೆ, ಕಾರ್ಡಿನ ಅವಧಿ ಮುಗಿದಿರುವುದು, ದಂಡ ಬಾಕಿ ಇರುವುದು ಮುಂತಾದ ಎಲ್ಲರಿಗೂ ಕಾಣುವ ಸಂಗತಿಗಳು ಅದರಲ್ಲಿ ಸೇರುತ್ತವೆಯೇ ಹೊರತು, ಎರಡು ಹೆಜ್ಜೆಗಳ ನಡುವೆ ಅಡಗಿರುವ ದೋಷಗಳು ಸೇರುವುದಿಲ್ಲ. ಯೂಸ್ ಕೇಸ್ ಪರೀಕ್ಷೆ ಈ ಪಟ್ಟಿಯನ್ನು ನೆನಪಿನ ಮೇಲೆ ಬಿಡದೆ, ಬರೆದಿಟ್ಟ ಹರಿವಿನಿಂದ ಒಂದೊಂದಾಗಿ ಎತ್ತಿಕೊಳ್ಳುವ ವಿಧಾನ.

ಯೂಸ್ ಕೇಸ್ ಎಂಬ ಕಲ್ಪನೆಯನ್ನು 1980ರ ದಶಕದಲ್ಲಿ ರೂಪಿಸಿದವರು ಸ್ವೀಡನ್ನಿನ ಇವಾರ್ ಯಾಕೋಬ್ಸನ್. ಬಳಕೆದಾರರೊಬ್ಬರು ಒಂದು ಗುರಿ ಇಟ್ಟುಕೊಂಡು ವ್ಯವಸ್ಥೆಯ ಜೊತೆ ನಡೆಸುವ ವ್ಯವಹಾರವನ್ನು, ಎಲ್ಲವೂ ಸರಿಯಾಗಿ ನಡೆದಾಗಿನ ಮುಖ್ಯ ಹರಿವು, ಬೇರೆ ದಾರಿಯಿಂದ ಅದೇ ಗುರಿ ಮುಟ್ಟುವ ಪರ್ಯಾಯ ಹರಿವು, ಗುರಿ ಮುಟ್ಟಲಾಗದಂತೆ ತಡೆಯುವ ಅಥವಾ ನಡುವೆ ಕೆಟ್ಟುಹೋಗುವ ಅಪವಾದ ಎಂದು ಬಿಡಿಸಿ ಬರೆಯುವುದು ಇದರ ಪದ್ಧತಿ. ಈ ಲೇಖನದಲ್ಲಿ ಒಂದೇ ಒಂದು ಯೂಸ್ ಕೇಸನ್ನು ತೆಗೆದುಕೊಂಡು ಕೊನೆಯವರೆಗೆ ನಡೆಯೋಣ. ಹಾಗೆ ನಡೆಯುವಾಗ ಒಂದು ಪ್ರಶ್ನೆಯನ್ನು ಎಲ್ಲಿಯೂ ಕೈಬಿಡಬಾರದು: ಕವಲು ಎಲ್ಲಿ ಒಡೆಯುತ್ತದೆ ಎನ್ನುವುದರ ಜೊತೆಗೆ, ಅದು ಯಾವ ಹೆಜ್ಜೆಗೆ ಮರಳಿ ಸೇರುತ್ತದೆ?

ಮೊದಲ ಹೆಜ್ಜೆ: ಹರಿವನ್ನು ಸಂಖ್ಯೆ ಹಾಕಿ ಬರೆಯುವುದು

ಒಂದು ಪದವಿ ಕಾಲೇಜಿನ ಗ್ರಂಥಾಲಯ ಎಂದಿಟ್ಟುಕೊಳ್ಳಿ. ಅಲ್ಲಿನ ನಿಯಮಗಳು ನಾಲ್ಕು. ಒಬ್ಬ ವಿದ್ಯಾರ್ಥಿಯ ಬಳಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಪುಸ್ತಕ ಇರುವಂತಿಲ್ಲ. ಎರವಲಿನ ಅವಧಿ 14 ದಿನ. ದಂಡದ ಬಾಕಿ 50 ರೂಪಾಯಿ ಮೀರಿದ್ದರೆ ಹೊಸ ಪುಸ್ತಕ ಇಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಗ್ರಂಥಾಲಯ ಮುಚ್ಚಿರುತ್ತದೆ. ವಿಶ್ಲೇಷಕರು ಕೊಟ್ಟ ಕರಡಿನಲ್ಲಿ ಮುಖ್ಯ ಹರಿವು ಹೀಗಿದೆ:

1. ಸಿಬ್ಬಂದಿ ಸದಸ್ಯರ ಕಾರ್ಡಿನ ಬಾರ್‌ಕೋಡನ್ನು ಸ್ಕ್ಯಾನ್ ಮಾಡುತ್ತಾರೆ.
2. ವ್ಯವಸ್ಥೆಯು ಮೊದಲು ದಂಡದ ಬಾಕಿ, ನಂತರ ಸದಸ್ಯತ್ವದ ಅವಧಿ, ಕೊನೆಗೆ ಈಗಾಗಲೇ ಪಡೆದಿರುವ ಪುಸ್ತಕಗಳ ಸಂಖ್ಯೆಯನ್ನು ಪರಿಶೀಲಿಸಿ ಸದಸ್ಯರ ವಿವರ ತೋರಿಸುತ್ತದೆ.
3. ಸಿಬ್ಬಂದಿ ಪುಸ್ತಕದ ಬಾರ್‌ಕೋಡನ್ನು ಸ್ಕ್ಯಾನ್ ಮಾಡುತ್ತಾರೆ.
4. ವ್ಯವಸ್ಥೆಯು ಪುಸ್ತಕದ ಆ ಪ್ರತಿಯು ಎರವಲಿಗೆ ಲಭ್ಯವಿದೆಯೇ ಎಂದು ಪರಿಶೀಲಿಸುತ್ತದೆ.
5. ವ್ಯವಸ್ಥೆಯು ಹಿಂದಿರುಗಿಸಬೇಕಾದ ದಿನಾಂಕವನ್ನು ಲೆಕ್ಕ ಹಾಕಿ ತೋರಿಸುತ್ತದೆ.
6. ಸಿಬ್ಬಂದಿ ಖಚಿತಪಡಿಸುತ್ತಾರೆ.
7. ವ್ಯವಸ್ಥೆಯು ಎರವಲನ್ನು ದಾಖಲಿಸಿ, ಪ್ರತಿಯ ಸ್ಥಿತಿಯನ್ನು ‘ಎರವಲಿನಲ್ಲಿದೆ’ ಎಂದು ಬದಲಿಸುತ್ತದೆ.
8. ವ್ಯವಸ್ಥೆಯು ಚೀಟಿ ಮುದ್ರಿಸುತ್ತದೆ.

ಪ್ರತಿಯೊಂದು ಹೆಜ್ಜೆಯಲ್ಲೂ ಕರ್ತೃ ಒಬ್ಬರೇ ಇರಬೇಕು: ಒಂದೋ ಸಿಬ್ಬಂದಿ, ಇಲ್ಲವೇ ವ್ಯವಸ್ಥೆ. ‘ಕಾರ್ಡ್ ಪರಿಶೀಲಿಸಲಾಗುತ್ತದೆ’ ಎಂದು ಕರ್ಮಣಿಯಲ್ಲಿ ಬರೆದ ವಾಕ್ಯ ಸಿಕ್ಕರೆ, ಪರಿಶೀಲಿಸುವವರು ಯಾರು ಎಂದು ಕೇಳಿ ತಿದ್ದಿಸಿಕೊಳ್ಳಿ. ಸಿಬ್ಬಂದಿ ಕಣ್ಣಿನಿಂದ ನೋಡುವುದು ಬೇರೆ, ತಂತ್ರಾಂಶ ತಡೆಯುವುದು ಬೇರೆ, ಮತ್ತು ಇವೆರಡರ ಪರೀಕ್ಷೆಯೂ ಬೇರೆ.

ಇದರ ಜೊತೆಗೆ ಪೂರ್ವಸ್ಥಿತಿ ಮತ್ತು ಉತ್ತರಸ್ಥಿತಿಗಳನ್ನೂ ಬರೆದುಕೊಳ್ಳಬೇಕು. ಇಲ್ಲಿ ಪೂರ್ವಸ್ಥಿತಿ, ಸಿಬ್ಬಂದಿ ಲಾಗಿನ್ ಆಗಿದ್ದಾರೆ ಎಂಬುದು. ಉತ್ತರಸ್ಥಿತಿಯಲ್ಲಿ ಮೂರು ಸಂಗತಿಗಳಿವೆ: ಎರವಲಿನ ಒಂದು ದಾಖಲೆ ಹುಟ್ಟಿದೆ, ಪ್ರತಿಯ ಸ್ಥಿತಿ ಬದಲಾಗಿದೆ, ಸದಸ್ಯರ ಲೆಕ್ಕದಲ್ಲಿ ಒಂದು ಪುಸ್ತಕ ಹೆಚ್ಚಾಗಿದೆ. ಮುಂದೆ ಬರುವ ಪ್ರತಿಯೊಂದು ಸನ್ನಿವೇಶದ ಕೊನೆಯಲ್ಲಿಯೂ ನಾವು ನೋಡಬೇಕಾದದ್ದು ಈ ಮೂರನ್ನೇ. ಪರದೆಯ ಮೇಲಿನ ಸಂದೇಶ ಸರಿಯಿದ್ದ ಮಾತ್ರಕ್ಕೆ ಸನ್ನಿವೇಶ ಪಾಸಾಗುವುದಿಲ್ಲ.

ಎರಡನೆಯ ಹೆಜ್ಜೆ: ಕವಲುಗಳನ್ನು ಹುಟ್ಟಿದ ಜಾಗಕ್ಕೇ ಕಟ್ಟುವುದು

ಈಗ ಮುಖ್ಯ ಹರಿವಿನ ಪ್ರತಿ ಹೆಜ್ಜೆಯ ಬಳಿ ನಿಂತು, ಇಲ್ಲಿ ಬೇರೆ ಏನು ನಡೆಯಬಹುದು ಎಂದು ಕೇಳಬೇಕು. ಸಿಕ್ಕ ಉತ್ತರಕ್ಕೆ ಆ ಹೆಜ್ಜೆಯ ಸಂಖ್ಯೆಯನ್ನೂ ಒಂದು ಅಕ್ಷರವನ್ನೂ ಕೊಡಿ. ಕರಡಿನಲ್ಲಿ ಐದು ಪರ್ಯಾಯ ಹರಿವುಗಳು ಸಿಗುತ್ತವೆ:

- 1ಅ: ಸದಸ್ಯರು ಕಾರ್ಡ್ ತಂದಿಲ್ಲ. ಸಿಬ್ಬಂದಿ ನೋಂದಣಿ ಸಂಖ್ಯೆಯನ್ನು ಟೈಪ್ ಮಾಡುತ್ತಾರೆ. 2ಕ್ಕೆ ಮರಳುತ್ತದೆ.
- 2ಅ: ಬಾಕಿ 50 ರೂಪಾಯಿ ಮೀರಿದೆ. ಸದಸ್ಯರು ಅಲ್ಲಿಯೇ ಕಟ್ಟುತ್ತಾರೆ. 3ಕ್ಕೆ ಮರಳುತ್ತದೆ.
- 4ಅ: ಪುಸ್ತಕವು ಇದೇ ಸದಸ್ಯರಿಗಾಗಿ ಕಾಯ್ದಿರಿಸಲ್ಪಟ್ಟಿದೆ. ವ್ಯವಸ್ಥೆ ಆ ಕಾಯ್ದಿರಿಸುವಿಕೆಯನ್ನು ಮುಗಿಸಿ 5ಕ್ಕೆ ಹೋಗುತ್ತದೆ.
- 5ಅ: ಹಿಂದಿರುಗಿಸುವ ದಿನ ರಜೆ. ಮುಂದಿನ ಕೆಲಸದ ದಿನವನ್ನು ತೆಗೆದುಕೊಂಡು 6ಕ್ಕೆ ಹೋಗುತ್ತದೆ.
- 7ಅ: ಸದಸ್ಯರಿಗೆ ಇನ್ನೊಂದು ಪುಸ್ತಕ ಬೇಕು. 3ಕ್ಕೆ ಮರಳುತ್ತದೆ.

ಅಪವಾದಗಳು ಏಳು:

- 2ಆ: ಸದಸ್ಯತ್ವದ ಅವಧಿ ಮುಗಿದಿದೆ. ನಿಲ್ಲುತ್ತದೆ.
- 2ಇ: ಮೂರು ಪುಸ್ತಕಗಳ ಮಿತಿ ತುಂಬಿದೆ. ನಿಲ್ಲುತ್ತದೆ.
- 4ಆ: ಪುಸ್ತಕ ಪರಾಮರ್ಶನ ವಿಭಾಗದ್ದು, ಹೊರಗೆ ಕೊಡುವಂತಿಲ್ಲ.
- 4ಇ: ಪುಸ್ತಕವು ಬೇರೊಬ್ಬರಿಗಾಗಿ ಕಾಯ್ದಿರಿಸಲ್ಪಟ್ಟಿದೆ.
- 4ಈ: ದಾಖಲೆಯ ಪ್ರಕಾರ ಪುಸ್ತಕ ಈಗಾಗಲೇ ಬೇರೊಬ್ಬರ ಬಳಿ ಇದೆ.
- 7ಆ: ದಾಖಲಿಸುವಾಗ ಸರ್ವರ್ ಸಂಪರ್ಕ ಕಡಿದುಹೋಗುತ್ತದೆ.
- 8ಅ: ಪ್ರಿಂಟರ್ ಕೆಲಸ ಮಾಡುತ್ತಿಲ್ಲ.

4ಈ ಓದಿದ ಕೂಡಲೇ, ಪುಸ್ತಕ ಕೌಂಟರಿನ ಮೇಲೆಯೇ ಇರುವಾಗ ಬೇರೊಬ್ಬರ ಬಳಿ ಹೇಗಿರುತ್ತದೆ ಎಂದು ಅನೇಕರು ಅದನ್ನು ಹೊಡೆದುಹಾಕುತ್ತಾರೆ. ಗ್ರಂಥಾಲಯದಲ್ಲಿ ಕೆಲಸ ಮಾಡಿದವರು ಹಾಗೆ ಮಾಡುವುದಿಲ್ಲ. ವಾಪಸು ಬಂದ ಪುಸ್ತಕವನ್ನು ಸ್ಕ್ಯಾನ್ ಮಾಡಲು ಮರೆತು ನೇರವಾಗಿ ಕಪಾಟಿಗೆ ಸೇರಿಸಿದರೆ, ಹಿಂದಿನ ಓದುಗರ ಹೆಸರು ದಾಖಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಮುಂದಿನವರು ಅದನ್ನು ಕಪಾಟಿನಿಂದ ತಂದಾಗ ಈ ಅಪವಾದ ಎದುರಾಗುತ್ತದೆ. ಆದ್ದರಿಂದ ಕವಲುಗಳನ್ನು ಹುಡುಕುವಾಗ ಕೌಂಟರಿನಲ್ಲಿ ಕೂರುವ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯ.

ಮೂರನೆಯ ಹೆಜ್ಜೆ: ಸನ್ನಿವೇಶಗಳನ್ನು ಎಣಿಸುವುದು

ಮುಖ್ಯ ಹರಿವಿಗೆ ಒಂದು, ಪ್ರತಿ ಕವಲಿಗೆ ಒಂದರಂತೆ ಹನ್ನೆರಡು, ಒಟ್ಟು 13 ಸನ್ನಿವೇಶಗಳು. ಇದು ಕನಿಷ್ಠ. ಪ್ರತಿ ಸನ್ನಿವೇಶವನ್ನೂ ದಾರಿಯ ರೂಪದಲ್ಲಿ ಬರೆದಿಡಿ. ಉದಾಹರಣೆಗೆ 4ಅ ಸನ್ನಿವೇಶದ ದಾರಿ ‘1, 2, 3, 4, 4ಅ, 5, 6, 7, 8’ ಎಂದಾಗುತ್ತದೆ. 2ಆ ಸನ್ನಿವೇಶದ್ದು ‘1, 2, 2ಆ’ ಎಂದು ಅಲ್ಲಿಗೇ ಮುಗಿಯುತ್ತದೆ.

ಹನ್ನೆರಡು ಕವಲುಗಳಲ್ಲಿ ಪ್ರತಿಯೊಂದೂ ನಡೆಯಬಹುದು ಅಥವಾ ನಡೆಯದೆ ಇರಬಹುದು ಎಂದು ಎಲ್ಲ ಜೋಡಣೆಗಳನ್ನೂ ಲೆಕ್ಕ ಹಾಕಿದರೆ 4096 ಆಗುತ್ತದೆ. ಅವುಗಳಲ್ಲಿ ಬಹುಪಾಲು ಅಸಾಧ್ಯವಾದವು, ಏಕೆಂದರೆ 2ಆದಲ್ಲಿ ನಿಂತ ವ್ಯವಹಾರ 8ಅವನ್ನು ತಲುಪುವುದೇ ಇಲ್ಲ. ಸಾಧ್ಯವಿರುವವುಗಳಲ್ಲಿಯೂ ಎಲ್ಲವೂ ಬೇಕಿಲ್ಲ. ಯಾವ ಜೋಡಣೆ ಬೇಕು ಎಂದು ನಿರ್ಧರಿಸಲು ಒಂದು ಸರಳ ಗುರುತಿದೆ: ಒಂದು ಕವಲು ಮರಳುವಾಗ ಯಾವುದಾದರೂ ಪರಿಶೀಲನೆಯನ್ನು ದಾಟಿ ಮುಂದಕ್ಕೆ ಸೇರಿಕೊಳ್ಳುತ್ತಿದೆಯೇ? ಹಾಗಿದ್ದರೆ ಆ ಕವಲನ್ನೂ, ಅದು ದಾಟಿಹೋದ ಪರಿಶೀಲನೆಯ ಅಪವಾದವನ್ನೂ ಒಟ್ಟಿಗೆ ಇಟ್ಟು ಒಂದು ಸನ್ನಿವೇಶ ಮಾಡಬೇಕು.

ಈ ಕಣ್ಣಿನಿಂದ ಕರಡನ್ನು ಮತ್ತೆ ನೋಡಿ. 2ಅ ಎಂಬ ಕವಲು 2ನೆಯ ಹೆಜ್ಜೆಯ ಮೊದಲ ಪರಿಶೀಲನೆಯಲ್ಲಿಯೇ ಒಡೆಯುತ್ತದೆ, ಆದರೆ 3ಕ್ಕೆ ಮರಳುತ್ತದೆ. ಅಂದರೆ ಬಾಕಿ ಕಟ್ಟಿದ ಸದಸ್ಯರ ಸದಸ್ಯತ್ವದ ಅವಧಿಯನ್ನಾಗಲಿ, ಪುಸ್ತಕಗಳ ಸಂಖ್ಯೆಯನ್ನಾಗಲಿ ಯಾರೂ ನೋಡಲಿಲ್ಲ. 60 ರೂಪಾಯಿ ಬಾಕಿ ಮತ್ತು ಕೈಯಲ್ಲಿ ಮೂರು ಪುಸ್ತಕ, ಎರಡೂ ಇರುವ ವಿದ್ಯಾರ್ಥಿ ದಂಡ ಕಟ್ಟಿ ನಾಲ್ಕನೆಯ ಪುಸ್ತಕ ಪಡೆದು ಹೊರಡುತ್ತಾನೆ. ಬರೆದ ಹರಿವು ಹೇಳಿದಂತೆಯೇ ಪ್ರೋಗ್ರಾಮರ್ ಮಾಡಿದ್ದರೆ ದೋಷ ಕೋಡಿನದಲ್ಲ, ಯೂಸ್ ಕೇಸ್‌ನದು.

7ಅ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಇನ್ನೊಂದು ಪುಸ್ತಕಕ್ಕಾಗಿ ಹರಿವು 3ಕ್ಕೆ ಮರಳುತ್ತದೆ, ಮಿತಿಯ ಪರಿಶೀಲನೆ ಇರುವುದು 2ರಲ್ಲಿ. ಕೈಯಲ್ಲಿ ಎರಡು ಪುಸ್ತಕ ಇರುವ ವಿದ್ಯಾರ್ಥಿನಿಯ ಕಾರ್ಡ್ ಸ್ಕ್ಯಾನ್ ಆದಾಗ ಎರಡು ಮೂರಕ್ಕಿಂತ ಕಡಿಮೆ, ಸರಿ. ಮೊದಲ ಪುಸ್ತಕ ದಾಖಲಾಗಿ ಮೂರಾಯಿತು. ನಂತರ ಮರಳಿದ್ದು 3ಕ್ಕೆ, ಆದ್ದರಿಂದ ನಾಲ್ಕನೆಯದೂ ಐದನೆಯದೂ ತಡೆಯಿಲ್ಲದೆ ದಾಖಲಾಗುತ್ತವೆ. ಇದನ್ನು ಇನ್ನೂ ಅಪಾಯಕಾರಿಯಾಗಿಸುವುದು ಏನೆಂದರೆ, ಕವಲಿಗೆ ಒಂದರಂತೆ ಬರೆದ 13 ಸನ್ನಿವೇಶಗಳೂ ಇಲ್ಲಿ ಪಾಸಾಗುತ್ತವೆ. 7ಅಕ್ಕೆ ಹೆಚ್ಚಿನವರು ಒಂದು ಪುಸ್ತಕವೂ ಇಲ್ಲದ ಹೊಸ ಸದಸ್ಯರನ್ನು ಸೃಷ್ಟಿಸಿ ಎರಡು ಪುಸ್ತಕ ಕೊಟ್ಟು ನೋಡುತ್ತಾರೆ. 2ಇಗೆ ಮೂರು ಪುಸ್ತಕ ಇರುವ ಸದಸ್ಯರನ್ನು ತಂದು ಕಾರ್ಡ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ಎರಡೂ ಹಸಿರು. ದೋಷ ಇರುವುದು ಎರಡರ ನಡುವೆ.

ಇವೆರಡಕ್ಕೂ ಪರಿಹಾರ, ಕವಲು 3ರ ಬದಲು 2ಕ್ಕೆ ಮರಳುವಂತೆ ಯೂಸ್ ಕೇಸನ್ನು ತಿದ್ದುವುದು. 2 ವ್ಯವಸ್ಥೆಯ ಹೆಜ್ಜೆಯಾದ್ದರಿಂದ ಸಿಬ್ಬಂದಿ ಮತ್ತೆ ಕಾರ್ಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಇಂಥ ತಿದ್ದುಪಡಿ ಕೋಡ್ ಬರೆಯುವ ಮೊದಲೇ, ಕಾಗದದ ಮೇಲೆ ದಾರಿಗಳನ್ನು ಎಣಿಸುವಾಗಲೇ ಸಿಗುತ್ತದೆ. ಹಾಗಾಗಿ ತಂತ್ರಾಂಶ ಕೈಗೆ ಬರುವವರೆಗೆ ಕಾಯದೆ, ಯೂಸ್ ಕೇಸ್ ಬಂದ ದಿನವೇ ಈ ಎಣಿಕೆಗೆ ಕುಳಿತುಕೊಳ್ಳಿ.

7ಆದ ನಂತರ ಮತ್ತೆ ಪ್ರಯತ್ನಿಸುವುದನ್ನು ಮೂರನೆಯ ಜೋಡಣೆಯಾಗಿ ಸೇರಿಸಿದರೆ ಒಟ್ಟು 16 ಸನ್ನಿವೇಶಗಳಾಗುತ್ತವೆ.

ನಾಲ್ಕನೆಯ ಹೆಜ್ಜೆ: ಸನ್ನಿವೇಶಕ್ಕೆ ದತ್ತಾಂಶ ಕೊಡುವುದು

ಸನ್ನಿವೇಶ ಎಂದರೆ ದಾರಿ ಮಾತ್ರ. ಆ ದಾರಿಯಲ್ಲಿ ನಿಜವಾಗಿ ನಡೆಯುವ ಸದಸ್ಯರನ್ನೂ ಪುಸ್ತಕವನ್ನೂ ದಿನಾಂಕವನ್ನೂ ಕೊಟ್ಟಾಗ ಅದು ಟೆಸ್ಟ್ ಕೇಸ್ ಆಗುತ್ತದೆ. ಮೇಲೆ ಕಂಡ ಜೋಡಣೆಯನ್ನು ಹೀಗೆ ಬರೆಯಬಹುದು:

ದಾರಿ: 1, 2, 3, 4, 5, 6, 7, 7ಅ, 2, 2ಇ.
ಪೂರ್ವಸ್ಥಿತಿ: ಸದಸ್ಯರ ಬಳಿ ಎರಡು ಪುಸ್ತಕ, ಬಾಕಿ ಸೊನ್ನೆ, ಸದಸ್ಯತ್ವ ಚಾಲ್ತಿಯಲ್ಲಿದೆ. `B1007` ಮತ್ತು `B1008` ಪ್ರತಿಗಳು ಕಪಾಟಿನಲ್ಲಿವೆ.
ಕ್ರಿಯೆ: ಕಾರ್ಡ್ ಸ್ಕ್ಯಾನ್ ಮಾಡಿ, `B1007` ಕೊಟ್ಟು ಖಚಿತಪಡಿಸಿ, ಇನ್ನೊಂದು ಪುಸ್ತಕವನ್ನು ಕೇಳಿ `B1008` ಸ್ಕ್ಯಾನ್ ಮಾಡಲು ಯತ್ನಿಸಬೇಕು.
ನಿರೀಕ್ಷೆ: ಮಿತಿ ತುಂಬಿದೆ ಎಂಬ ಸಂದೇಶ ಬರಬೇಕು. `B1007` ಎರವಲಿನಲ್ಲಿರಬೇಕು, `B1008` ಲಭ್ಯವಾಗಿಯೇ ಉಳಿಯಬೇಕು, ಸದಸ್ಯರ ಲೆಕ್ಕ ಮೂರು ಇರಬೇಕು, ಕೊಟ್ಟ ಒಂದು ಪುಸ್ತಕಕ್ಕೆ ಚೀಟಿ ಬರಬೇಕು.

ಈ ನಿರೀಕ್ಷೆಯ ಕೊನೆಯ ಮಾತನ್ನು ಗಮನಿಸಿ. ಎರಡನೆಯ ಪುಸ್ತಕ ನಿರಾಕರಣೆಯಾದಾಗ ಮೊದಲನೆಯದರ ಚೀಟಿ ಮುದ್ರಣವಾಗಬೇಕೇ ಬೇಡವೇ ಎಂದು ಕರಡಿನಲ್ಲಿ ಇರಲಿಲ್ಲ. ನಿರೀಕ್ಷೆಯನ್ನು ಬರೆಯಲು ಹೊರಟಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಉತ್ತರವನ್ನು ನೀವೇ ಊಹಿಸಿ ತುಂಬದೆ ವಿಶ್ಲೇಷಕರಿಂದ ಪಡೆದುಕೊಳ್ಳಿ.

ಬಾಕಿಯ ಕವಲಿಗೆ ದತ್ತಾಂಶ ಆರಿಸುವಾಗ ಗಡಿಯ ಎರಡೂ ಬದಿಗಳನ್ನು ತೆಗೆದುಕೊಳ್ಳಬೇಕು. ನಿಯಮ ‘50 ಮೀರಿದರೆ’ ಎಂದು ಇರುವುದರಿಂದ, 50 ರೂಪಾಯಿ ಬಾಕಿ ಇರುವವರು ಮುಖ್ಯ ಹರಿವಿನಲ್ಲಿ ಮುಂದುವರಿಯಬೇಕು, 51 ಇರುವವರು 2ಅಕ್ಕೆ ತಿರುಗಬೇಕು.

ರಜೆಯ ಕವಲು ಇದಕ್ಕಿಂತ ಸೂಕ್ಷ್ಮವಾದದ್ದು. 14 ದಿನ ಎಂದರೆ ಸರಿಯಾಗಿ ಎರಡು ವಾರ, ಆದ್ದರಿಂದ ವಾರದ ಯಾವ ದಿನ ಪುಸ್ತಕ ಕೊಟ್ಟರೋ, ಹಿಂದಿರುಗಿಸುವ ದಿನವೂ ವಾರದ ಅದೇ ದಿನವಾಗಿರುತ್ತದೆ. ಭಾನುವಾರ ಗ್ರಂಥಾಲಯ ತೆರೆಯುವುದೇ ಇಲ್ಲವಾದ್ದರಿಂದ ಅವಧಿಯ ಕೊನೆ ಭಾನುವಾರಕ್ಕೆ ಬೀಳುವುದೂ ಇಲ್ಲ. ಆದರೆ ಸರ್ಕಾರಿ ರಜೆಗೆ ಬೀಳುತ್ತದೆ. 2026ರ ಜನವರಿ 12ರ ಸೋಮವಾರ ಕೊಟ್ಟ ಪುಸ್ತಕದ ಕೊನೆಯ ದಿನ ಜನವರಿ 26, ಗಣರಾಜ್ಯೋತ್ಸವ. ಆದ್ದರಿಂದ ಚೀಟಿಯಲ್ಲಿ 27 ಬರಬೇಕು. ಇದೊಂದು ಪರೀಕ್ಷೆ ಸಾಲದು. 2026ರ ಆಗಸ್ಟ್ 1ರ ಶನಿವಾರ ಕೊಟ್ಟ ಪುಸ್ತಕವನ್ನು ತೆಗೆದುಕೊಳ್ಳಿ. ಕೊನೆಯ ದಿನ ಆಗಸ್ಟ್ 15, ಸ್ವಾತಂತ್ರ್ಯೋತ್ಸವದ ಶನಿವಾರ. ಮಾರನೆಯ ದಿನ ಭಾನುವಾರ. ಸರಿಯಾದ ಉತ್ತರ ಆಗಸ್ಟ್ 17. ರಜೆ ಕಂಡರೆ ಒಂದು ದಿನ ಕೂಡಿಸಿ ಸುಮ್ಮನಾಗುವ ಕೋಡ್ ಇಲ್ಲಿ 16 ಎಂದು ತೋರಿಸುತ್ತದೆ, ಮತ್ತು ಜನವರಿಯ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಇದಕ್ಕಾಗಿ ಪರೀಕ್ಷೆಯ ಸರ್ವರಿನಲ್ಲಿ ದಿನಾಂಕವನ್ನು ಬದಲಿಸುವ ಅವಕಾಶ ಇರಬೇಕು, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಐದನೆಯ ಹೆಜ್ಜೆ: ನಿರಾಕರಣೆಯ ನಂತರ ಏನು ಉಳಿಯಿತು ಎಂದು ನೋಡುವುದು

ಅಪವಾದಗಳನ್ನು ಪರೀಕ್ಷಿಸುವಾಗ ಆಗುವ ಸಾಮಾನ್ಯ ತಪ್ಪು, ಕೆಂಪು ಅಕ್ಷರದ ಸಂದೇಶ ಬಂದ ಕೂಡಲೇ ಪಾಸ್ ಎಂದು ಬರೆದು ಮುಂದೆ ಹೋಗುವುದು. 4ಈ ಸನ್ನಿವೇಶದಲ್ಲಿ ಸಂದೇಶಕ್ಕಿಂತ ಮುಖ್ಯವಾದದ್ದು ಹಿಂದಿನ ಓದುಗರ ದಾಖಲೆ. ಅವರ ಎರವಲು ಇದ್ದಂತೆಯೇ ಇರಬೇಕು. ಅದನ್ನು ವಾಪಸಾತಿಯ ಪರದೆಯಲ್ಲಿ ಸರಿಯಾಗಿ ಮುಗಿಸಿದ ಮೇಲೆ ಹೊಸಬರಿಗೆ ಪುಸ್ತಕ ಸಿಗಬೇಕು. ತಂತ್ರಾಂಶ ಹಳೆಯ ಎರವಲನ್ನು ಮುಗಿಸದೆ ಹೊಸದನ್ನು ಬರೆದುಬಿಟ್ಟರೆ, ಪುಸ್ತಕವನ್ನು ಎಂದೋ ಹಿಂದಿರುಗಿಸಿದ ವಿದ್ಯಾರ್ಥಿಯ ಹೆಸರಿನಲ್ಲಿ ದಂಡ ದಿನದಿನವೂ ಏರುತ್ತ ಹೋಗುತ್ತದೆ. ಹಾಗೆಯೇ 4ಅ ಸನ್ನಿವೇಶದಲ್ಲಿ ಪುಸ್ತಕ ಕೊಟ್ಟ ಮೇಲೆ ಕಾಯ್ದಿರಿಸುವಿಕೆ ಮುಗಿದಿದೆಯೇ ಎಂದು ನೋಡಬೇಕು. ಮುಗಿಯದೆ ಉಳಿದರೆ, ಆ ಪುಸ್ತಕ ವಾಪಸು ಬಂದ ದಿನ ಓದಿ ಮುಗಿಸಿದವರಿಗಾಗಿಯೇ ಮತ್ತೆ ಎತ್ತಿಡಲಾಗುತ್ತದೆ.

7ಆ ಸನ್ನಿವೇಶಕ್ಕೆ ಹೆಚ್ಚು ಸಮಯ ಕೊಡಿ. 6ನೆಯ ಹೆಜ್ಜೆಯಲ್ಲಿ ಖಚಿತಪಡಿಸುವ ಗುಂಡಿ ಒತ್ತುವ ಮುನ್ನ ಕೌಂಟರಿನ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆದು ಒಮ್ಮೆ, ಗುಂಡಿ ಒತ್ತಿ ಉತ್ತರ ಬರುವ ಮುನ್ನ ತೆಗೆದು ಇನ್ನೊಮ್ಮೆ ಮಾಡಿ ನೋಡಿ. ಮೊದಲನೆಯದರಲ್ಲಿ ಏನೂ ದಾಖಲಾಗಿರಬಾರದು. ಎರಡನೆಯದರಲ್ಲಿ ಪೂರ್ತಿ ದಾಖಲಾಗಿರಬಹುದು ಅಥವಾ ಏನೂ ಆಗದೆ ಇರಬಹುದು, ಎರಡೂ ಒಪ್ಪಿತ. ಅರ್ಧ ದಾಖಲಾಗಿರುವುದು ಮಾತ್ರ ಒಪ್ಪತಕ್ಕದ್ದಲ್ಲ. ಪರದೆಯಿಂದ ಇದು ತಿಳಿಯದು, ಆದ್ದರಿಂದ ಡೇಟಾಬೇಸನ್ನೇ ಕೇಳಬೇಕು. ಕೋಷ್ಟಕಗಳ ಹೆಸರು ನಿಮ್ಮ ವ್ಯವಸ್ಥೆಯಲ್ಲಿ ಬೇರೆ ಇದ್ದರೂ ಪ್ರಶ್ನೆಯ ರೂಪ ಇದೇ:

```sql
SELECT status FROM copies WHERE barcode = 'B1007';
SELECT COUNT(*) FROM loans
WHERE barcode = 'B1007' AND returned_on IS NULL;
```

ಸ್ಥಿತಿ ‘ಎರವಲಿನಲ್ಲಿದೆ’ ಎಂದಿದ್ದು ಎರಡನೆಯ ಉತ್ತರ ಸೊನ್ನೆ ಬಂದರೆ, ಪುಸ್ತಕ ಯಾರ ಹೆಸರಿನಲ್ಲಿಯೂ ಇಲ್ಲದೆ ಕಾಣೆಯಾದಂತೆ. ಸ್ಥಿತಿ ‘ಲಭ್ಯ’ ಎಂದಿದ್ದು ಉತ್ತರ ಒಂದು ಬಂದರೆ, ಅದೇ ಪ್ರತಿಯನ್ನು ಇನ್ನೊಬ್ಬರ ಹೆಸರಿಗೂ ಬರೆಯುವ ದಾರಿ ತೆರೆದಿದೆ. ಎರಡೂ ದೋಷಗಳೇ.

ಈಗ ಕೇಬಲ್ ಮರಳಿ ಹಾಕಿ, ಅದೇ ಸದಸ್ಯರಿಗೆ ಅದೇ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡಿ. ಮೊದಲ ಯತ್ನ ದಾಖಲಾಗಿದ್ದರೆ, ಪುಸ್ತಕ ಈಗ ಇದೇ ಸದಸ್ಯರ ಹೆಸರಿನಲ್ಲಿದೆ. ಕರಡಿನ 4ಈ ‘ಬೇರೊಬ್ಬರ ಬಳಿ’ ಎಂದು ಮಾತ್ರ ಹೇಳುತ್ತದೆ, ಅವರದೇ ಬಳಿ ಇದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಅನೇಕ ಗ್ರಂಥಾಲಯಗಳು ಬಳಸುವ ಮುಕ್ತ ತಂತ್ರಾಂಶ ಕೋಹಾ ಇಂಥ ಸಂದರ್ಭದಲ್ಲಿ ನವೀಕರಿಸಬೇಕೇ ಎಂದು ಸಿಬ್ಬಂದಿಯನ್ನು ಕೇಳುತ್ತದೆ. ನಿಮ್ಮ ಗ್ರಂಥಾಲಯ ಬೇರೆ ನಿರ್ಧಾರ ಮಾಡಬಹುದು, ಆದರೆ ನಿರ್ಧಾರವೊಂದು ಇರಲೇಬೇಕು. ಅದು 4ಉ ಎಂಬ ಹೊಸ ಕವಲಾಗಿ ಯೂಸ್ ಕೇಸಿಗೆ ಸೇರುತ್ತದೆ, ನಿಮ್ಮ ಪಟ್ಟಿಗೆ ಹದಿನೇಳನೆಯ ಸನ್ನಿವೇಶ ಬರುತ್ತದೆ.

8ಅ ಚಿಕ್ಕದು. ಪ್ರಿಂಟರ್ ಕೆಟ್ಟರೂ ಎರವಲು ಉಳಿಯಬೇಕು, ಚೀಟಿಯನ್ನು ಮತ್ತೆ ಮುದ್ರಿಸಲು ಆಗಬೇಕು, ಮರುಮುದ್ರಣ ಇನ್ನೊಂದು ಎರವಲನ್ನು ಹುಟ್ಟಿಸಬಾರದು.

ಈ ವಿಧಾನ ಮುಟ್ಟದ ಜಾಗ

ಯೂಸ್ ಕೇಸ್ ಒಬ್ಬ ಸಿಬ್ಬಂದಿ ಒಂದು ಸಲಕ್ಕೆ ನಡೆಸುವ ವ್ಯವಹಾರವನ್ನು ಹೇಳುತ್ತದೆ. ಎರಡು ಕೌಂಟರುಗಳಿರುವಲ್ಲಿ, ಕೈಯಲ್ಲಿ ಎರಡು ಪುಸ್ತಕ ಇರುವ ವಿದ್ಯಾರ್ಥಿಯ ಕಾರ್ಡ್ ಒಂದು ಕಡೆ ಸ್ಕ್ಯಾನ್ ಆಗಿ, ಅದೇ ಕ್ಷಣದಲ್ಲಿ ಸ್ನೇಹಿತನೊಬ್ಬ ಅವನ ನೋಂದಣಿ ಸಂಖ್ಯೆ ಹೇಳಿ ಇನ್ನೊಂದು ಕಡೆ ಪುಸ್ತಕ ಪಡೆದರೆ, ಎರಡೂ ಕೌಂಟರುಗಳಿಗೆ ಲೆಕ್ಕ ಎರಡೆಂದೇ ಕಾಣುತ್ತದೆ, ಮಿತಿ ಮತ್ತೆ ಮೀರುತ್ತದೆ. ಈ ಸನ್ನಿವೇಶ ಮೇಲಿನ ಯಾವ ಕವಲಿನಿಂದಲೂ ಹುಟ್ಟುವುದಿಲ್ಲ. ಅದಕ್ಕೆ ಏಕಕಾಲದ ಬಳಕೆಯ ಪರೀಕ್ಷೆಯನ್ನು ಬೇರೆಯಾಗಿಯೇ ಯೋಜಿಸಬೇಕು.

ಪ್ರತಿ ಟೆಸ್ಟ್ ಕೇಸಿನ ಮೇಲೆ ಅದರ ದಾರಿಯನ್ನು ಬರೆದಿಟ್ಟಿದ್ದರೆ ಮುಂದಿನ ವರ್ಷ ನಿಯಮ ಬದಲಾದಾಗ ಹುಡುಕಾಟ ಇರುವುದಿಲ್ಲ. ಕಾಲೇಜು ಮಿತಿಯನ್ನು ಮೂರರಿಂದ ನಾಲ್ಕಕ್ಕೆ ಏರಿಸಿತು ಎಂದುಕೊಳ್ಳಿ. ದಾರಿಯಲ್ಲಿ 2ಇ ಅಥವಾ 7ಅ ಇರುವ ಟೆಸ್ಟ್ ಕೇಸ್‌ಗಳನ್ನು ಎತ್ತಿಕೊಂಡು ಪೂರ್ವಸ್ಥಿತಿಯ ಪುಸ್ತಕಗಳ ಸಂಖ್ಯೆಯನ್ನು ಒಂದೊಂದು ಹೆಚ್ಚಿಸಿ, ಅವುಗಳನ್ನು ಮೊದಲು ನಡೆಸಿ. ಅವಧಿಯನ್ನು 14ರಿಂದ 15 ದಿನಕ್ಕೆ ಬದಲಿಸಿದರೆ 5ಅದ ದಿನಾಂಕಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ, ಏಕೆಂದರೆ ಇನ್ನು ಮುಂದೆ ಶನಿವಾರ ಕೊಟ್ಟ ಪ್ರತಿಯೊಂದು ಪುಸ್ತಕದ ಕೊನೆಯ ದಿನವೂ ಭಾನುವಾರಕ್ಕೇ ಬೀಳುತ್ತದೆ.